ಆರನೆಯ ಪ್ರಶ್ನೆ

ನಮ್ಮ ಓಣಿಯಲ್ಲಿ ಡಾಕ್ಟರ್ ಎಂದರೆ ನಸೀಮ್ ಬಿಶಾರ ಒಬ್ಬರೇ. ಅವರು ಡಾಕ್ಟರಲ್ಲ, ಔಷಧಿ ಅಂಗಡಿಯವರು. ಆದರೆ ಅಲೆಕ್ಸಾಂಡ್ರಿಯದಲ್ಲಿ ಔಷಧಿ ಕೊಡುವವರನ್ನು ಡಾಕ್ಟರ್ ಎನ್ನದೆ ಇನ್ನೇನು ಅನ್ನುತ್ತಾರೆ? ಅರವತ್ತನಾಲ್ಕು ವಯಸ್ಸು, ಎರಡೂ ಮಂಡಿ ಹೋಗಿವೆ. ಮೂವತ್ತೆಂಟು ವರ್ಷ ಅದೇ ಗಾಜಿನ ಕಟ್ಟೆಯ ಹಿಂದೆ ಅದೇ ಮರದ ಸ್ಟೂಲಿನ ಮೇಲೆ ಕೂತವರು. ನಾನು ಬಶಂದಿ, ಎದುರುಗಡೆ ಇಸ್ತ್ರಿ ಅಂಗಡಿ ನನ್ನದು. ನನ್ನ ಮೇಜಿನಿಂದ ಅವರ ಬಾಗಿಲಿಗೆ ಹನ್ನೆರಡು ಹೆಜ್ಜೆ. ಈ ಹನ್ನೆರಡು ಹೆಜ್ಜೆಯ ಲೆಕ್ಕ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಸಮುದ್ರ ಹತ್ತಿರವಿರುವ ಈ ಬಹರಿ ಬಡಾವಣೆಯಲ್ಲಿ ಹೆಂಗಸರು ಸುಮ್ಮಸುಮ್ಮನೆ ಮಹಡಿ ಇಳಿಯುವುದಿಲ್ಲ. ಬಾಲ್ಕನಿಯಿಂದ ಹಗ್ಗ ಕಟ್ಟಿ ಬುಟ್ಟಿ ಇಳಿಸುತ್ತಾರೆ. ಬುಟ್ಟಿಯಲ್ಲಿ ದುಡ್ಡು, ಚೀಟಿ. ತರಕಾರಿಯವನಿಗೆ ಹೋಗುವ ಚೀಟಿಯಲ್ಲಿ ತರಕಾರಿ ಬರೆದಿರುತ್ತದೆ. ಡಾಕ್ಟರಿಗೆ ಹೋಗುವ ಚೀಟಿಯಲ್ಲಿ ಮಾತ್ರ ಪ್ರಪಂಚವೇ ಇರುತ್ತದೆ. ಪದಬಂಧದ ಸುಳಿವು, ಟಿವಿಯಲ್ಲಿ ಆಟ ಎಷ್ಟು ಹೊತ್ತಿಗೆ, ಬೆಂಡೆಕಾಯಿ ಒಣಗಿಸುವುದು ಹೇಗೆ, ಇದರ ನಡುವೆ ಎಲ್ಲೋ ಒಂದು ಕಡೆ ಅಡಗಿಸಿಟ್ಟ ನಿಜವಾದ ಪ್ರಶ್ನೆ. ಎದೆಯಲ್ಲಿ ಗಂಟು, ತಪ್ಪಿದ ಮುಟ್ಟು, ಗಂಡ ಕೆಮ್ಮಿದಾಗ ಕಂಡ ರಕ್ತ. ಮೊದಲ ಸಾಲಿನಲ್ಲಿ ಅದನ್ನು ಯಾರೂ ಬರೆಯುವುದಿಲ್ಲ. ಬುಟ್ಟಿ ಐದು ಮಹಡಿ ದಾಟಿ ಬರಬೇಕಲ್ಲ, ದಾರಿಯುದ್ದಕ್ಕೂ ಕಣ್ಣುಗಳೇ.

ಡಾಕ್ಟರ್ ಈ ನಾಚಿಕೆಯನ್ನು ಕಾಪಾಡಲು ಒಂದು ಪದ್ಧತಿ ಮಾಡಿಕೊಂಡಿದ್ದರು. ಚೀಟಿಯನ್ನು ಕಟ್ಟೆಯ ಮೇಲಿಟ್ಟು ಮಾತ್ರೆಯ ಖಾಲಿ ಡಬ್ಬಿಯೊಂದನ್ನು ಅದರ ಮೇಲೆ ಇಡುತ್ತಿದ್ದರು, ಮೊದಲ ಸಾಲು ಮಾತ್ರ ಕಾಣುವಂತೆ. ಅದನ್ನು ಓದಿ ಉತ್ತರ ಬರೆದು ಡಬ್ಬಿಯನ್ನು ಒಂದು ಸಾಲು ಕೆಳಗೆ ಸರಿಸುವುದು. ಹೀಗೆ ಕೊನೆಯವರೆಗೆ. ಹಿಂದೆ ಒಮ್ಮೆ ಕಟ್ಟೆಯ ಮುಂದೆ ನಿಂತಿದ್ದ ಯಾರೋ ಬಿಚ್ಚಿಟ್ಟ ಚೀಟಿಯನ್ನು ತಲೆಕೆಳಗಾಗಿಯೇ ಓದಿ, ಒಂದು ಹುಡುಗಿಯ ನಿಶ್ಚಿತಾರ್ಥ ಮುರಿದುಬಿತ್ತು. ಅವತ್ತಿನಿಂದ ಈ ಡಬ್ಬಿ. ಉತ್ತರವೂ ಕೇಳಿದ ಸರದಿಯಲ್ಲೇ.

"ಅವರು ಎಲ್ಲಿ ಬಚ್ಚಿಟ್ಟಿದಾರೋ ಅಲ್ಲೇ ಬಚ್ಚಿಟ್ಟು ಕೊಡಬೇಕು ಉಸ್ತಾ," ಎನ್ನುತ್ತಿದ್ದರು. "ಆರನೇದಕ್ಕೆ ಮೊದ್ಲು ಉತ್ತರ ಬರೆದ್ರೆ, ಆರನೇದೇ ರೋಗ ಅಂತ ಡಂಗುರ ಹೊಡ್ದಂಗೆ."

ಉಸ್ತಾ ಎಂದರೆ ಮೇಸ್ತ್ರಿ, ಕಸುಬಿನವನು. ನನ್ನನ್ನು ಎಲ್ಲರೂ ಹಾಗೇ ಕರೆಯುತ್ತಾರೆ.

ಇನ್ನು ನನ್ನ ಬಂಡವಾಳ. ಬುಟ್ಟಿಗಳು ಇಳಿಯುವುದು ನನ್ನ ಅಂಗಡಿಯ ಪಕ್ಕದ ಗೋಡೆಗೆ. ಚೀಟಿಯನ್ನು ಡಾಕ್ಟರಿಗೆ ಒಯ್ದು ಕೊಡುವುದು, ಉತ್ತರ ತಂದು ಬುಟ್ಟಿಗೆ ಹಾಕುವುದು ನನ್ನ ಕೆಲಸ. ಸಂಬಳ ಇಲ್ಲ, ಮರ್ಯಾದೆ ಇತ್ತು. ಏಕೆಂದರೆ ಬಶಂದಿಗೆ ಓದಲು ಬರುವುದಿಲ್ಲ ಎಂದು ಓಣಿಗೆಲ್ಲ ಗೊತ್ತಿತ್ತು. ದೂರದ ಸೊಹಾಗ್ ಊರಿನಿಂದ ಹತ್ತೊಂಬತ್ತನೇ ವಯಸ್ಸಿನಲ್ಲಿ ಬಂದಾಗ ನಿಜವಾಗಿಯೂ ಬರುತ್ತಿರಲಿಲ್ಲ. ಆಮೇಲೆ ಸೈನ್ಯಕ್ಕೆ ಹೋದೆ. ಅಲ್ಲಿ ಸಂಜೆ ಹೊತ್ತು ಕೂರಿಸಿ ಅಕ್ಷರ ತಿದ್ದಿಸಿದರು. ವಾಪಸ್ ಬಂದ ಮೇಲೆ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. "ಉಸ್ತಾ ಬಶಂದಿ ಕೈಲಿ ಕೊಡು, ಅವನು ಕುರುಡು ಕನ್ನಡಿ" ಎಂದು ಎರಡನೇ ಮಹಡಿಯವಳು ಅಂದದ್ದು ಕೇಳಿ ನನಗೆ ಎಷ್ಟು ಹೆಮ್ಮೆಯಾಗಿತ್ತೆಂದರೆ, ಆ ಹೆಮ್ಮೆಯನ್ನು ಕಳೆದುಕೊಳ್ಳುವುದು ಯಾರಿಗೆ ಬೇಕಿತ್ತು?

ಇಪ್ಪತ್ತಾರು ವರ್ಷ ಆ ಹನ್ನೆರಡು ಹೆಜ್ಜೆಯಲ್ಲಿ ನಾನು ಪ್ರತಿಯೊಂದು ಚೀಟಿಯನ್ನೂ ಓದಿದ್ದೇನೆ. ಹೌದು, ಓದಿದ್ದೇನೆ. ಯಾರ ಹತ್ತಿರವೂ ಬಾಯಿ ಬಿಟ್ಟಿಲ್ಲ. ಅದೊಂದು ಸಮಾಧಾನ ಇತ್ತು ನನಗೆ. ಈಗ ಅದೂ ಇಲ್ಲ.

ಅವತ್ತು ಏಪ್ರಿಲ್ ತಿಂಗಳ ಕೊನೆಯ ಗುರುವಾರ. ಹನ್ನೊಂದು ಗಂಟೆ ಇರಬಹುದು. ಐದನೇ ಮಹಡಿಯ ಬುಟ್ಟಿ ಗಂಟೆ ಆಡಿಸುತ್ತಾ ಇಳಿಯಿತು. ಆ ಹಗ್ಗಕ್ಕೆ ಮಾತ್ರ ಒಂದು ಹಿತ್ತಾಳೆ ಗಂಟೆ ಕಟ್ಟಿದೆ. ಇನ್ಸಾಫಳ ಬುಟ್ಟಿ.

ಇನ್ಸಾಫ್ ಮದುವೆ ಬಟ್ಟೆ ಹೊಲಿಯುವವಳು. ನಲವತ್ತಾರು ವಯಸ್ಸು, ಗಂಡ ಇಲ್ಲ, ಬಾಯಿ ಮಾತ್ರ ನಾಲ್ಕು ಗಂಡಸರಷ್ಟು. ಮೂರು ವಾರದ ಹಿಂದೆ ಮೆಟ್ಟಿಲಲ್ಲಿ ಜಾರಿ ಎಡಗಾಲಿನ ಮೂಳೆ ಮುರಿದುಕೊಂಡಿದ್ದಳು. ಪಾದದಿಂದ ಮಂಡಿಯವರೆಗೆ ಪ್ಲಾಸ್ಟರ್. ಕಟ್ಟಡದ ಲಿಫ್ಟ್ ಕೆಟ್ಟು ಹನ್ನೊಂದು ತಿಂಗಳು. ರಿಪೇರಿಗೆ ಯಾರು ಮೊದಲು ದುಡ್ಡು ಕೊಡಬೇಕೆಂದು ಒಂದನೇ ಮಹಡಿಯವರು ಐದನೆಯವರನ್ನು ನೋಡುತ್ತಾರೆ, ಐದನೆಯವರು ದೇವರನ್ನು ನೋಡುತ್ತಾರೆ. ಹಾಗಾಗಿ ಇನ್ಸಾಫ್ ಮೂರು ವಾರದಿಂದ ಕಿಟಕಿ ಪಕ್ಕದ ಕುರ್ಚಿಗೆ ಅಂಟಿಕೊಂಡಿದ್ದಳು. ಕಾಲನ್ನು ಸ್ಟೂಲಿನ ಮೇಲಿಟ್ಟು, ಬಲಗಾಲಲ್ಲಿ ಮೆಷಿನ್ ಒತ್ತುತ್ತಾ, ಗಲೀಲಾಳ ಮಗಳ ಮದುವೆಯ ಬಿಳಿ ಗೌನು ಹೊಲಿಯುತ್ತಿದ್ದಳು. ಮದುವೆ ಮಾರನೆಯ ದಿನ, ಶುಕ್ರವಾರ.

ಗಲೀಲಾ ಅನುಮಾನದ ಹೆಂಗಸು. ಇನ್ಸಾಫಳ ಕಾಲು ಮುರಿದ ದಿನವೇ ಗೌನನ್ನು ಬೇರೆಯವರಿಗೆ ಕೊಡುತ್ತೇನೆಂದು ಕೂಗಾಡಿದ್ದಳು. ಆಗಲೇ ಇನ್ಸಾಫ್ ನನಗೆ ಮೇಲಿಂದ ಕೂಗಿ ಹೇಳಿದ್ದಳು: "ಉಸ್ತಾ, ಆ ಗಲೀಲಾ ಕೇಳಿದ್ರೆ ಹಾಡ್ತಾ ಹೊಲೀತಿದಾಳೆ ಅನ್ನು. ನಾನು ಸಾಯ್ತಾ ಇದ್ರೂ ಹಾಡ್ತಿದಾಳೆ ಅನ್ನು!" ನಾವಿಬ್ಬರೂ ನಕ್ಕಿದ್ದೆವು. ಇಂಥ ಮಾತನ್ನೆಲ್ಲ ಯಾರಾದರೂ ಆಡುತ್ತಾರೆಯೇ, ಥೂ.

ಚೀಟಿ ತೆಗೆದುಕೊಂಡು ಹೊರಟೆ. ಏಳು ಪ್ರಶ್ನೆ ಇತ್ತು.

ಮೊದಲನೆಯದು ಪದಬಂಧದ್ದು: ಯುರೋಪಿನ ಅತಿ ಉದ್ದದ ನದಿ ಯಾವುದು. ಎರಡನೆಯದು: ಸರ್ಕಾರದ ಬೇಸಿಗೆ ಸಮಯ ಶುರುವಾಗುವುದಕ್ಕೆ ಇವತ್ತು ರಾತ್ರಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಬೇಕೋ ಹಿಂದಕ್ಕೋ. ಮೂರನೆಯದು: ಬಿಳಿ ಸ್ಯಾಟಿನ್ ಮೇಲೆ ಚಹಾ ಕಲೆ ಬಿದ್ದಿದೆ, ಯಾರಿಗೂ ಹೇಳಬೇಡಿ, ಹೋಗುವುದು ಹೇಗೆ. ನಾಲ್ಕನೆಯದು: ಪ್ಲಾಸ್ಟರ್ ಒಳಗೆ ನವೆ, ಹೆಣಿಗೆ ಕಡ್ಡಿ ಹಾಕಿ ಕೆರೆದುಕೊಳ್ಳಬಹುದೇ. ಐದನೆಯದು: ಕಬ್ಬಿಣದ ಮಾತ್ರೆಯನ್ನು ಚಹಾ ಜೊತೆ ನುಂಗಬಹುದೇ.

ಆರನೆಯದು ಸಣ್ಣ ಅಕ್ಷರದಲ್ಲಿತ್ತು. "ನಿನ್ನೆಯಿಂದ ಮೀನಖಂಡ ಕಲ್ಲಿನಂತಾಗಿದೆ, ನೋವು, ಪ್ಲಾಸ್ಟರ್ ಬಿಗಿಯಾಗುತ್ತಿದೆ, ಮಂಡಿಯ ಮೇಲೂ ಊತ. ಬೆಳಿಗ್ಗೆಯಿಂದ ಕೂತಲ್ಲೇ ಮೆಟ್ಟಿಲು ಹತ್ತಿದ ಹಾಗೆ ಏದುಸಿರು. ಸೆಕೆಗೆ ಇರಬಹುದೇ? ಮಧ್ಯಾಹ್ನ ನವಾಲ್ ಬಂದು ಎಣ್ಣೆ ಬಿಸಿ ಮಾಡಿ ತೊಡೆ ತಿಕ್ಕುತ್ತಾಳೆ, ಆಗಬಹುದಲ್ಲ?"

ಏಳನೆಯದು: ನಾಳೆ ಶುಕ್ರವಾರ ಅಂಗಡಿ ತೆಗೆದಿರುತ್ತದೆಯೇ.

ನಾನು ಇಸ್ತ್ರಿಯವನು, ಔಷಧಿ ನನಗೇನು ಗೊತ್ತು? ಆದರೆ ಕೂತಲ್ಲೇ ಏದುಸಿರು ಎಂಬುದನ್ನು ಓದಿದಾಗ ನನ್ನ ಎಂಟನೇ ಹೆಜ್ಜೆ ತಡವರಿಸಿತು. ಇನ್ನು ನಾಲ್ಕು ಹೆಜ್ಜೆ. ಡಾಕ್ಟರ್ ನೋಡುತ್ತಾರಲ್ಲ, ಅವರಿಗೆ ಗೊತ್ತಾಗುತ್ತದೆ ಎಂದುಕೊಂಡೆ. ಚೀಟಿಯನ್ನು ಅವರ ಕೈಗಿಟ್ಟೆ. ಅವರು ಕಟ್ಟೆಯ ಮೇಲಿಟ್ಟು ಡಬ್ಬಿ ಮುಚ್ಚಿದರು. ಮೊದಲ ಸಾಲು ಮಾತ್ರ ಕಾಣುತ್ತಿತ್ತು.

ಡಾಕ್ಟರ ಮುಖ ಅರಳಿತು. ಪದಬಂಧದ ಪ್ರಶ್ನೆಯೆಂದರೆ ಅವರಿಗೆ ಮಕ್ಕಳಿಗೆ ಬತ್ತಾಸು ಸಿಕ್ಕಿದ ಹಾಗೆ. ದಿನವಿಡೀ ಭೇದಿ, ಜ್ವರ, ಸಕ್ಕರೆ ಕಾಯಿಲೆ ಕೇಳಿ ಕೇಳಿ ಸಾಕಾದ ಮನುಷ್ಯ.

"ಡ್ಯಾನ್ಯೂಬ್ ಅಲ್ವಾ ಉಸ್ತಾ? ಇಲ್ಲ, ಇರು. ವೋಲ್ಗಾ ಇರ್ಬೇಕು. ಅಂದಾಜಲ್ಲಿ ಬರೀಬಾರ್ದು." ಸ್ಟೂಲಿನಿಂದ ಇಳಿದು, ಮಂಡಿ ಹಿಡಿದುಕೊಂಡು, ಮೇಲಿನ ಕಪಾಟಿನಿಂದ ಅಟ್ಲಾಸ್ ಎಳೆಯತೊಡಗಿದರು.

"ಡಾಕ್ಟ್ರೇ, ಉದ್ದ ಚೀಟಿ ಇದ್ದಂಗಿದೆ," ಎಂದೆ.

"ಉದ್ದಾನೋ ಗಿಡ್ಡಾನೋ, ಸರದಿ ಸರದಿನೇ."

ಅಷ್ಟರಲ್ಲಿ ನನ್ನ ಅಂಗಡಿ ಮುಂದೆ ಗಲೀಲಾ. ಕೈಯಲ್ಲಿ ಮದುವೆಗೆ ಬರುವ ಗಂಡಸರ ನಾಲ್ಕು ಸೂಟು. "ಏ ಉಸ್ತಾ! ಅಲ್ಲೇನು ಬೀಡು ಬಿಟ್ಟಿದೀಯ? ಇವು ಈಗಲೇ ಆಗ್ಬೇಕು, ನಾನಿಲ್ಲೇ ಕೂರ್ತೀನಿ."

ನಿಜವಾಗಿಯೂ ಕೂತಳು. ನನ್ನ ಮೇಜಿನ ಎದುರಿಗೇ, ಬುಟ್ಟಿಗೂ ನನಗೂ ನಡುವೆ, ಸ್ಟೂಲು ಎಳೆದುಕೊಂಡು.

"ಮೇಲೆ ಹೇಗಿದಾಳೆ ಇವ್ಳು? ಫೋನ್ ಎತ್ತಲ್ಲ. ಗೌನು ಆಗುತ್ತೋ ಇಲ್ವೋ? ಬೇರೆಯವ್ಳು ಸಂಜೆವರ್ಗೂ ಟೈಮ್ ಕೊಟ್ಟಿದಾಳೆ. ಏನಾದ್ರೂ ಐಬು ಇದ್ರೆ ಈಗ್ಲೇ ಹೇಳಿಬಿಡು."

ನಾನು ಲೋಟದ ನೀರನ್ನು ಬಾಯಿ ತುಂಬ ತುಂಬಿಕೊಂಡೆ. ನಾವು ಹಳೇ ಕಾಲದ ಇಸ್ತ್ರಿಯವರು ಬಟ್ಟೆಗೆ ನೀರು ಚಿಮುಕಿಸುವುದು ಬಾಯಿಯಿಂದಲೇ. ಬಾಯಿ ತುಂಬ ನೀರಿದ್ದರೆ ಉತ್ತರ ಹೇಳಬೇಕಾಗಿಲ್ಲ. ಆದರೆ ಎಷ್ಟು ಹೊತ್ತು? ಕೋಟಿನ ಮೇಲೆ ಉಗ್ಗಿದೆ. ಅವಳು ಇನ್ನೂ ನನ್ನನ್ನೇ ನೋಡುತ್ತಿದ್ದಳು.

"ಹಾಡ್ತಾ ಹೊಲೀತಿದಾಳೆ ಅಮ್ಮಾವ್ರೇ," ಎಂದೆ.

ಮೇಲೆ ಗಂಟೆ ಅಲುಗಿತು. ಉತ್ತರ ಎಲ್ಲಿ ಎಂದು ಇನ್ಸಾಫ್ ಹಗ್ಗ ಜಗ್ಗುತ್ತಿದ್ದಳು.

ಒಂದು ಕೋಟು ಮುಗಿಸಿ ಎದುರಿಗೆ ಓಡಿದೆ. ಡಾಕ್ಟರ್ ಕನ್ನಡಕ ಏರಿಸಿಕೊಂಡು ಬರೆಯುತ್ತಿದ್ದರು: ವೋಲ್ಗಾ. ಡಬ್ಬಿ ಒಂದು ಸಾಲು ಸರಿಯಿತು. "ಮುಂದಕ್ಕೆ, ಒಂದು ಗಂಟೆ." ಡಬ್ಬಿ ಇನ್ನೊಂದು ಸಾಲು ಸರಿಯಿತು. ಆಗ ಒಬ್ಬಾತ ಮಗುವಿನ ಜ್ವರದ ಸಿರಪ್ಪಿಗೆ ಬಂದ. ಅವನಿಗೆ ತೂಕ ಕೇಳಿ, ಅಳತೆ ಹೇಳಿ, ಮತ್ತೆ ಅಳತೆ ಹೇಳಿ ಕಳಿಸಿದರು.

"ಡಾಕ್ಟ್ರೇ, ಕೆಳಗಡೆ ಒಂದ್ಸಲ ನೋಡಿಬಿಡಿ, ಕೊನೇವರ್ಗೂ," ಎಂದೆ.

"ಯಾಕೆ?"

ಆ ಒಂದು ಪದ. ಯಾಕೆ ಎಂದು ಅವರು ಕನ್ನಡಕದ ಮೇಲಿಂದ ನೋಡಿದರು. ಆ ಕ್ಷಣ ಹೇಳಿಬಿಡಬಹುದಿತ್ತು. ಏಕೆಂದರೆ ನಾನು ಓದಿದ್ದೇನೆ. ಮೂರೇ ಪದ. ನನ್ನ ಹಿಂದೆ ಎರಡನೇ ಮಹಡಿಯವಳು ನಿಂತಿದ್ದಳು, ಅವಳ ಮಗನ ವಿಷಯ ನನಗೆ ಗೊತ್ತಿತ್ತು. ಅವಳ ಹಿಂದೆ ಮಸೀದಿಯ ಮುದುಕರು, ಅವರ ಮೂತ್ರದ ತೊಂದರೆ ನನಗೆ ಗೊತ್ತಿತ್ತು. ಬಾಯಿಗೆ ಬಿಸಿ ತುಪ್ಪ ಹಾಕಿಕೊಂಡ ಹಾಗೆ, ನುಂಗಲೂ ಆಗದು, ಉಗುಳಲೂ ಆಗದು.

"ಏನಿಲ್ಲ, ಅವ್ಳು ಹಗ್ಗ ಜಗ್ತಿದಾಳೆ, ಅದ್ಕೆ," ಎಂದೆ.

"ಜಗ್ಲಿ ಬಿಡು. ಚಹಾ ಕಲೆ ಸುಲಭ ಅಲ್ಲ ಉಸ್ತಾ, ಅದೂ ಸ್ಯಾಟಿನ್ನು. ತಪ್ಪು ಹೇಳಿದ್ರೆ ಬಟ್ಟೆನೇ ಹಾಳು."

ಬರೆದರು, ನಿಧಾನವಾಗಿ, ಮುದ್ದಾದ ಅಕ್ಷರದಲ್ಲಿ: ಉಜ್ಜಬೇಡಿ. ತಣ್ಣೀರಿನಲ್ಲಿ ಒತ್ತಿ ತೆಗೆಯಿರಿ. ಬಿಳಿ ವಿನೆಗರ್‌ಗೆ ನೀರು ಬೆರೆಸಿ, ಮೊದಲು ಒಳಮಡಿಕೆಯಲ್ಲಿ ಪರೀಕ್ಷೆ ಮಾಡಿ. ಬ್ಲೀಚ್ ಮುಟ್ಟಬೇಡಿ. ಬಟ್ಟೆಗೆ ಉಜ್ಜಬೇಡಿ ಎಂದು ಅಷ್ಟು ಚೆನ್ನಾಗಿ ಬರೆದರು. ಮೂರು ಸಾಲು ಕೆಳಗೆ ಕಾಲಿನ ಪ್ರಶ್ನೆ ಕಾಯುತ್ತಿತ್ತು. ನನ್ನ ಕೈಬೆರಳು ಡಬ್ಬಿಯ ಹತ್ತಿರದವರೆಗೂ ಹೋಗಿ ವಾಪಸ್ ಬಂತು.

"ಉಸ್ತಾ! ಸೂಟು!" ಗಲೀಲಾಳ ಕೂಗು.

ವಾಪಸ್ ಓಡಿದೆ. ನಾನೇ ಐದು ಮಹಡಿ ಹತ್ತಿ ಹೋಗಿಬಿಡಲೇ ಎಂದು ಎಷ್ಟು ಸಲ ಯೋಚಿಸಿದೆನೋ. ಹೋಗಿ ಏನು ಹೇಳಲಿ? ಅಕ್ಕ, ಎಣ್ಣೆ ತಿಕ್ಕಿಸ್ಕೋಬೇಡ ಎಂದರೆ, ನಿನಗೆ ಹೇಗೆ ಗೊತ್ತು ಎನ್ನುತ್ತಾಳೆ. ತಿಕ್ಕಬಾರದೆಂದು ನನಗೆ ಗೊತ್ತಾದರೂ ಇತ್ತೇ? ಅದೂ ಇಲ್ಲ. ಗಲೀಲಾ ಕೂತಿದ್ದಾಳೆ, ನಾನು ಮೇಲೆ ಓಡಿದ್ದು ನೋಡಿದರೆ ಹಿಂದೆಯೇ ಬರುತ್ತಾಳೆ, ಕಲೆ ನೋಡುತ್ತಾಳೆ, ಗೌನು ಕಿತ್ತುಕೊಂಡು ಹೋಗುತ್ತಾಳೆ. ಹೀಗೆ ಒಂದೊಂದಕ್ಕೂ ಒಂದೊಂದು ನೆಪ. ನೆಪಗಳಿಗೇನು ಬರವೇ? ಪ್ಯಾಂಟಿನ ಗೆರೆ ಎರಡು ಸಲ ಸೊಟ್ಟಗಾಯಿತು. ಇಪ್ಪತ್ತಾರು ವರ್ಷದಲ್ಲಿ ನನ್ನ ಕೈಯಲ್ಲಿ ಗೆರೆ ಸೊಟ್ಟಗಾದದ್ದು ಅವತ್ತೇ.

ಗಂಟೆ ಅಲುಗಿತು. ಸ್ವಲ್ಪ ಹೊತ್ತಿಗೆ ಮತ್ತೆ ಅಲುಗಿತು, ಮೆಲ್ಲಗೆ. ಮೂರನೇ ಸಲ ಎದುರಿಗೆ ಹೋದಾಗ ಡಾಕ್ಟರ್ ನಾಲ್ಕನೆಯದರಲ್ಲಿದ್ದರು, ಮಸೀದಿಯ ಮುದುಕರ ರಕ್ತದೊತ್ತಡ ನೋಡುತ್ತಾ. ಕಡ್ಡಿ ಹಾಕಬೇಡಿ, ಚರ್ಮ ಗಾಯವಾಗುತ್ತದೆ, ಕೂದಲು ಒಣಗಿಸುವ ಯಂತ್ರದ ತಣ್ಣನೆ ಗಾಳಿ ಬಿಡಿ ಎಂದು ಅರ್ಧ ಬರೆದಿತ್ತು.

"ಇನ್ನೆಷ್ಟಿದೆ ಡಾಕ್ಟ್ರೇ?"

"ನಿಂಗ್ಯಾಕೋ ಇವತ್ತು ಇಷ್ಟು ಅವಸರ? ಅವ್ಳನ್ನೇನು ಮದ್ವೆ ಆಗ್ತೀಯಾ?" ಮುದುಕರು ನಕ್ಕರು. ನಾನೂ ನಕ್ಕೆ. ನಕ್ಕೆನಲ್ಲ ಎಂದು ಈಗಲೂ ಮೈ ಉರಿಯುತ್ತದೆ.

ಅಂಗಡಿಗೆ ಬಂದು ಮೂರನೇ ಸೂಟು ಹರಡಿದೆ. ಆಮೇಲೆ ಗಂಟೆ ಕೇಳಿಸಲಿಲ್ಲ. ಬಾಯಲ್ಲಿ ನೀರು ತುಂಬಿಕೊಂಡು ಕಾದೆ. ಇನ್ಸಾಫಳಿಗೆ ತಾಳ್ಮೆ ಎಂಬುದೇ ಇಲ್ಲ, ಐದು ನಿಮಿಷಕ್ಕೊಮ್ಮೆ ಜಗ್ಗುವವಳು. ಬುಟ್ಟಿ ಗೋಡೆಗೆ ಒರಗಿ ಸುಮ್ಮನೆ ನೇತಾಡುತ್ತಿತ್ತು. ಕತ್ತೆತ್ತಿ ನೋಡಿದೆ. ಹಗ್ಗ ನೆಟ್ಟಗೆ ನಿಂತಿತ್ತು, ಮೇಲೆ ಯಾರ ಕೈಯೂ ಕಾಣಲಿಲ್ಲ.

ಬಾಯಲ್ಲಿದ್ದ ನೀರನ್ನು ನೆಲಕ್ಕೆ ಉಗಿದೆ. ಗಲೀಲಾಳ ಚಪ್ಪಲಿ ಮೇಲೆ ಬಿತ್ತು. ಹನ್ನೆರಡು ಹೆಜ್ಜೆಯನ್ನು ಎಷ್ಟರಲ್ಲಿ ಹಾರಿದೆನೋ ಗೊತ್ತಿಲ್ಲ.

"ಡಾಕ್ಟ್ರೇ, ಆರನೇದು ಓದಿ! ಆರನೇದು!"

ಎರಡನೇ ಮಹಡಿಯವಳು ನನ್ನ ಕಡೆ ತಿರುಗಿದಳು. ಅವಳ ಮುಖದಲ್ಲಿ ಲೆಕ್ಕ ಓಡುತ್ತಿದ್ದದ್ದು ನನಗೆ ಕಾಣುತ್ತಿತ್ತು. ಡಾಕ್ಟರ್ ಏನೂ ಕೇಳಲಿಲ್ಲ. ಡಬ್ಬಿ ಎತ್ತಿದರು, ಓದಿದರು. ಮುಖ ಸುಣ್ಣದಂತಾಯಿತು.

ಮೊದಲು ಫೋನ್ ಎತ್ತಿ ಆಂಬುಲೆನ್ಸಿಗೆ ಒತ್ತಿದರು. "ಹೆಂಗಸು, ನಲವತ್ತಾರು, ಮೂರು ವಾರದಿಂದ ಕಾಲು ಪ್ಲಾಸ್ಟರಲ್ಲಿ, ಮೀನಖಂಡ ಊತ, ಉಸಿರಾಟ ಕಷ್ಟ. ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋಗಿರ್ಬೋದು. ಐದನೇ ಮಹಡಿ, ಲಿಫ್ಟ್ ಇಲ್ಲ, ಹೊತ್ಕೊಂಡು ಇಳಿಸ್ಬೇಕು." ಆಮೇಲೆ ಇನ್ಸಾಫಳ ನಂಬರು. ರಿಂಗಾಯಿತು, ಎತ್ತಲಿಲ್ಲ. ಗಲೀಲಾಳ ಕಾಟಕ್ಕೆ ಅವಳು ಫೋನಿನ ಸದ್ದನ್ನೇ ಆರಿಸಿಟ್ಟಿದ್ದಳು.

"ಉಸ್ತಾ, ಓಡು ಮೇಲೆ. ಕಾಲು ತಿಕ್ಕಬಾರ್ದು, ಹೆಪ್ಪು ಕಿತ್ಕೊಂಡು ಮೇಲಕ್ಕೆ ಹೋಗುತ್ತೆ. ಏಳಬಾರ್ದು, ನಡೀಬಾರ್ದು. ಬೆನ್ನಿಗೆ ದಿಂಬು ಕೊಟ್ಟು ಕೂರ್ಸು. ಓಡು!"

ನಾನು ಮೆಟ್ಟಿಲಿಗೆ ಓಡುವಾಗ ಡಾಕ್ಟರ್ ಓಣಿಯ ನಡುವೆ ಬಂದು ನಿಂತಿದ್ದರು. ಮೂವತ್ತೆಂಟು ವರ್ಷ ಒಬ್ಬರ ಗುಟ್ಟೂ ಗಟ್ಟಿಯಾಗಿ ಆಡದ ಮನುಷ್ಯ, ಎರಡೂ ಕೈ ಬಾಯಿಗೆ ಹಿಡಿದು ಕತ್ತೆತ್ತಿ ಕೂಗುತ್ತಿದ್ದರು: "ನವಾಲ್! ತಿಕ್ಬೇಡ! ಇನ್ಸಾಫ್ ಕಾಲು ಮುಟ್ಬೇಡ! ನವಾಲ್!" ಓಣಿಯ ಕಿಟಕಿಗಳೆಲ್ಲ ತೆರೆದುಕೊಂಡವು.

ಬಾಗಿಲು ಚಿಲಕ ಹಾಕಿರಲಿಲ್ಲ. ನವಾಲ್ ಪಕ್ಕದ ಮನೆಯ ಸೊಸೆ, ಎಣ್ಣೆಯ ಬಟ್ಟಲು ಹಿಡಿದು ನಡುಮನೆಯಲ್ಲಿ ಬೊಂಬೆಯಂತೆ ನಿಂತಿದ್ದಳು. ಕೂಗು ಕೇಳಿ ಹಾಗೇ ನಿಂತುಬಿಟ್ಟಿದ್ದಳು. ಇನ್ಸಾಫ್ ಕುರ್ಚಿಯಲ್ಲಿ. ಹಗ್ಗ ಅವಳ ಮಣಿಕಟ್ಟಿಗೆ ಸುತ್ತಿಕೊಂಡಿತ್ತು, ಜಗ್ಗಲು ಶಕ್ತಿ ಇರಲಿಲ್ಲ. ತುಟಿ ನೀಲಿ. ಮಡಿಲಲ್ಲಿ ಆ ಬಿಳಿ ಗೌನು ರಾಶಿ ಬಿದ್ದಿತ್ತು, ನಡುವೆ ಅಂಗೈಯಗಲದ ಚಹಾ ಕಲೆ.

ನನ್ನನ್ನು ನೋಡಿ ಮೂರು ಉಸಿರಿಗೆ ಒಂದೊಂದು ಪದ ಹೇಳಿದಳು. "ಗಲೀಲಾ... ಕೇಳಿಸ್ಕೊಂಡ್ಲಾ?"

ಅದು ಅವಳ ಮೊದಲ ಪ್ರಶ್ನೆ.

"ಅವ್ಳ ಮನೆ ಹಾಳಾಗ, ಸುಮ್ನಿರಕ್ಕ," ಎಂದು ಬೆನ್ನಿಗೆ ದಿಂಬು ಕೊಟ್ಟೆ.

ಆಂಬುಲೆನ್ಸ್ ಓಣಿಯ ಬಾಯಲ್ಲೇ ನಿಂತಿತು. ಇಬ್ಬರು ಬಂದು ಮೂಗಿಗೆ ಗಾಳಿಯ ನಳಿಕೆ ಹಾಕಿ, ಕುರ್ಚಿಗೆ ಪಟ್ಟಿ ಬಿಗಿದು, ಐದು ಮಹಡಿ ಹೊತ್ತು ಇಳಿಸಿದರು. ಮೆಟ್ಟಿಲು ತಿರುಗುವಲ್ಲೆಲ್ಲ ಕುರ್ಚಿ ಗೋಡೆಗೆ ಸಿಕ್ಕಿಕೊಳ್ಳುತ್ತಿತ್ತು, ನಾನು ಕೆಳಗಿನಿಂದ ಹೆಗಲು ಕೊಡುತ್ತಿದ್ದೆ. ಸತ್ತ ಲಿಫ್ಟಿನ ಬಾಗಿಲನ್ನು ಐದು ಸಲ ದಾಟಿದೆವು. ಐದು ಸಲವೂ ಯಾರ್ಯಾರಿಗೋ ಶಾಪ ಹಾಕಿದೆ. ಮೊದಲು ಹಾಕಿಕೊಳ್ಳಬೇಕಾದದ್ದು ನನಗೇ.

ಕೆಳಗೆ ಗಲೀಲಾ ಬಾಯಿಗೆ ಕೈ ಒತ್ತಿಕೊಂಡು ನಿಂತಿದ್ದಳು. ಗಾಡಿ ಹೊರಟ ಮೇಲೆ ಮಹಡಿ ಹತ್ತಿ ಗೌನು ತೆಗೆದುಕೊಂಡು ಬೇರೆ ಹೊಲಿಗೆಯವಳ ಹತ್ತಿರ ಓಡಿದಳು. ಅವಳನ್ನು ಬೈಯಲಾರೆ. ಅವಳ ಮಗಳ ಮದುವೆಯೂ ನಾಳೆಯೇ ಇತ್ತಲ್ಲ.

ಸಂಜೆ ಆಸ್ಪತ್ರೆಯಿಂದ ಸುದ್ದಿ ಬಂತು. ಕಾಲಿನಲ್ಲಿ ಹೆಪ್ಪು, ಅದರ ಒಂದು ತುಂಡು ಶ್ವಾಸಕೋಶದಲ್ಲಿ. ಇನ್ನು ಸ್ವಲ್ಪ ಹೊತ್ತಾಗಿದ್ದರೆ ಏನೂ ಹೇಳಲಾಗುತ್ತಿರಲಿಲ್ಲವಂತೆ. ರಕ್ತ ತೆಳುವಾಗಿಸುವ ಇಂಜೆಕ್ಷನ್ ಶುರು ಮಾಡಿದ್ದಾರೆ, ಬದುಕುತ್ತಾಳೆ.

ಡಾಕ್ಟರ್ ಬಾಗಿಲು ಅರ್ಧ ಎಳೆದು ಒಳಗೆ ಕೂತಿದ್ದರು. ಎದುರಿಗೆ ಆ ಖಾಲಿ ಡಬ್ಬಿ. "ನದಿ ಹುಡುಕ್ತಾ ಕೂತಿದ್ದೆ ಉಸ್ತಾ," ಎಂದರು. "ಉಸಿರು ಕಟ್ತಿದ್ದೋಳಿಗೆ ವೋಲ್ಗಾ ಅಂತ ಬರೀತಿದ್ದೆ." ಕಣ್ಣು ಒರೆಸಿಕೊಂಡರು. ನಾನು ಪಕ್ಕದಲ್ಲಿ ನಿಂತು, "ನಿಮ್ಗೇನು ಗೊತ್ತಿತ್ತು ಡಾಕ್ಟ್ರೇ," ಎಂದು ಸಮಾಧಾನ ಹೇಳಿದೆ. ನಾನು! ಸಮಾಧಾನ ಹೇಳಿದವನು ನಾನು!

ಓಣಿಯವರು ಕೇಳಿದರು, ಕೇಳದೇ ಬಿಡುತ್ತಾರೆಯೇ. "ಓದಕ್ಕೆ ಬರುತ್ತಾ ನಿಂಗೆ?" ಬರುತ್ತೆ, ಅಲ್ಪಸ್ವಲ್ಪ, ಇತ್ತೀಚೆಗೆ ಕಲಿತೆ ಎಂದೆ. "ಆರನೇದು ಹೆಂಗೆ ಗೊತ್ತಾಯ್ತು?" ಡಾಕ್ಟರ ಕಟ್ಟೆ ಮೇಲೆ ಕಣ್ಣಿಗೆ ಬಿತ್ತು, ಬಿದ್ದ ತಕ್ಷಣ ಕೂಗಿದೆ ಎಂದೆ. ಎರಡನೇ ಮಹಡಿಯವಳು ಮಾತ್ರ ಏನೂ ಕೇಳಲಿಲ್ಲ. ಅವತ್ತಿನಿಂದ ಚೀಟಿ ಹಿಡಿದು ತಾನೇ ಇಳಿದು ಬರುತ್ತಾಳೆ, ನನ್ನ ಅಂಗಡಿ ಕಡೆ ತಿರುಗಿಯೂ ನೋಡುವುದಿಲ್ಲ. ಆದರೆ ಉಳಿದವರು, ಅಲ್ಲಾ, ಎಂಥ ಜನ, ನನ್ನನ್ನು ಹೊಗಳಿದರು. ಪುಣ್ಯಾತ್ಮ, ಜೀವ ಉಳಿಸಿದ ಎಂದರು. ಬೈಗುಳವೆಲ್ಲ ಡಾಕ್ಟರಿಗೆ. ಪದಬಂಧದ ಡಾಕ್ಟರ್ ಎಂದು ಹೆಸರಿಟ್ಟರು. ಅವರು ಒಂದು ಮಾತು ಎದುರಾಡಲಿಲ್ಲ.

ಡಬ್ಬಿಯನ್ನು ಎಸೆದುಬಿಟ್ಟರು. ಈಗ ಚೀಟಿ ಬಂದರೆ ಕಟ್ಟೆಯ ಕೆಳಗಿನ ಡ್ರಾಯರ್ ಎಳೆದು, ಅದರೊಳಗೆ ಬಿಚ್ಚಿ, ಮೊದಲು ಕೊನೆಯವರೆಗೂ ಓದುತ್ತಾರೆ. ಜೀವಕ್ಕೆ ಸಂಬಂಧಿಸಿದ್ದಿದ್ದರೆ ಅದನ್ನು ಪುಟ್ಟ ಕಾಗದದಲ್ಲಿ ಬರೆದು, ಮಡಿಸಿ ಪಿನ್ನು ಚುಚ್ಚಿ, ಆಗಿಂದಾಗಲೇ ಮೇಲೆ ಕಳಿಸುತ್ತಾರೆ. ನದಿ, ಗಡಿಯಾರ, ಬೆಂಡೆಕಾಯಿ ಆಮೇಲೆ, ಎರಡನೇ ಬುಟ್ಟಿಗೆ. ಏನೂ ರೋಗವಿಲ್ಲದ ಚೀಟಿಗೂ ಒಂದು ಖಾಲಿ ಕಾಗದ ಮಡಿಸಿ ಪಿನ್ನು ಚುಚ್ಚಿ ಕಳಿಸುತ್ತಾರೆ, ಯಾರದು ಖಾಲಿ ಯಾರದು ತುಂಬಿದ್ದು ಎಂದು ಯಾರಿಗೂ ತಿಳಿಯಬಾರದಲ್ಲ. ಇಷ್ಟು ಸುಲಭದ ಉಪಾಯ ಮೂವತ್ತೆಂಟು ವರ್ಷ ಹೊಳೆಯಲಿಲ್ಲವಲ್ಲ ಎಂದು ತಲೆ ಚಚ್ಚಿಕೊಳ್ಳುತ್ತಾರೆ. ಪದಬಂಧ ಬಂದರೆ ಈಗ ಮುಖ ಅರಳುವುದಿಲ್ಲ.

ಇನ್ಸಾಫ್ ಹನ್ನೊಂದು ದಿನಕ್ಕೆ ವಾಪಸ್ ಬಂದಳು. ಲಿಫ್ಟ್ ಹಾಗೇ ಇತ್ತು. ಕುರ್ಚಿಯಲ್ಲಿ ಕೂರಿಸಿ ನಾವೇ ನಾಲ್ವರು ಹೊತ್ತು ಹತ್ತಿಸಿದೆವು. ದಾರಿಯುದ್ದಕ್ಕೂ ನಮ್ಮನ್ನು ಕತ್ತೆಗಳೇ, ಒಂಟೆಗಳೇ ಎಂದು ಬೈಯುತ್ತಿದ್ದಳು. ಕೇಳಿ ಎಷ್ಟು ಸಂತೋಷವಾಯಿತೆಂದು ಹೇಳಲಾರೆ.

ಮೂರನೇ ದಿನ ಗಂಟೆ ಆಡಿಸುತ್ತಾ ಬುಟ್ಟಿ ಇಳಿಯಿತು. ಅಂಗಡಿ ಬಾಗಿಲಲ್ಲಿ ಡಾಕ್ಟರೂ ನಿಂತಿದ್ದರು, ಅವಳದೇ ಮೊದಲ ಚೀಟಿ ಎಂದು. ನಾನು ಚೀಟಿ ಎತ್ತಿಕೊಂಡೆ. ಈಗ ಓದಲು ಬರುತ್ತದೆಂದು ಎಲ್ಲರಿಗೂ ಗೊತ್ತಿದ್ದರಿಂದ, ಚೀಟಿಗಳನ್ನು ಮಡಿಸಿ ಅಂಟು ಹಾಕಿ ಕಳಿಸುತ್ತಿದ್ದರು. ಇದು ಬಿಚ್ಚಿತ್ತು. ಏಳು ಪ್ರಶ್ನೆ. ಮೊದಲ ಸಾಲಿನಲ್ಲಿ ನನ್ನ ಹೆಸರು.

"ಉಸ್ತಾ ಬಶಂದಿ, ಡಾಕ್ಟರ್ ಆಸ್ಪತ್ರೆಗೆ ಬಂದು ಅತ್ತರು. ನಾಲ್ಕನೇ ಸಾಲಿನ ಕೆಳಗೆಲ್ಲ ಡಬ್ಬಿ ಮುಚ್ಚಿತ್ತು ಎಂದರು. ಡಬ್ಬಿಯ ಅಡಿ ಇದ್ದದ್ದು ನಿನ್ನ ಕಣ್ಣಿಗೆ ಬಿದ್ದದ್ದು ಹೇಗೆ? ನೀನು ಅದನ್ನು ಯಾವಾಗ ಓದಿದೆ? ಇದಕ್ಕೆ ಮೊದಲು ಉತ್ತರ ಕೊಡು. ಉಳಿದ ಆರು ಡಾಕ್ಟರಿಗೆ, ಅವಸರವಿಲ್ಲ."

ಇಸ್ತ್ರಿ ಪೆಟ್ಟಿಗೆಯ ಕೆಳಗೆ ಯಾರದೋ ಅಂಗಿಯ ತೋಳು ಹೊಗೆಯಾಡುತ್ತಿತ್ತು, ಎತ್ತಿಡಲಿಲ್ಲ. ಡಾಕ್ಟರ್ ಮಂಡಿ ಎಳೆಯುತ್ತಾ ಬಂದು ನನ್ನ ಭುಜದ ಮೇಲಿಂದ ಓದಿದರು.

"ನಂಗೂ ಗೊತ್ತಿತ್ತು ಉಸ್ತಾ," ಎಂದರು ಮೆಲ್ಲಗೆ. "ಅವತ್ತೇ ಗೊತ್ತಾಯ್ತು. ಕೇಳಕ್ಕೆ ಬಾಯಿ ಬರ್ಲಿಲ್ಲ. ಕೊಡು, ಉಳಿದ ಆರು ನಾನು ನೋಡ್ತೀನಿ."

"ಇದು ಹೋಗ್ಲಿ ಮೊದ್ಲು," ಎಂದೆ.

ಅವರ ಜೇಬಿನಿಂದ ಪೆನ್ಸಿಲ್ಲನ್ನೂ ಒಂದು ಪುಟ್ಟ ಕಾಗದವನ್ನೂ ತೆಗೆದುಕೊಂಡೆ. ಓಣಿಯಲ್ಲಿ ಎಲ್ಲರೆದುರು ನಾನು ಬರೆದದ್ದು ಅದೇ ಮೊದಲು. ಅಕ್ಷರ ದೊಡ್ಡದಾಗಿ, ಸೊಟ್ಟಸೊಟ್ಟಗೆ ಬಂತು.

"ಒಯ್ಯುವಾಗಲೇ ಓದಿದೆ. ಆಮೇಲೆ ನಲವತ್ತು ನಿಮಿಷ ಸುಮ್ಮನಿದ್ದೆ."

ಮಡಿಸಲಿಲ್ಲ, ಪಿನ್ನು ಚುಚ್ಚಲಿಲ್ಲ. ಬುಟ್ಟಿಗೆ ಹಾಕಿ ಹಗ್ಗವನ್ನು ಮೂರು ಸಲ ಜಗ್ಗಿದೆ. ಬುಟ್ಟಿ ಮೇಲೇರಿತು, ಒಂದೊಂದೇ ಬಾಲ್ಕನಿ ದಾಟುತ್ತಾ. ಎರಡನೇ ಮಹಡಿಯವಳು ಕಂಬಿಗೆ ಒರಗಿ ನಿಂತಿದ್ದಳು. ಬುಟ್ಟಿಯೊಳಗೆ ಬಗ್ಗಿ ನೋಡಿದಳು, ಓದಿದಳು, ಆಮೇಲೆ ಕೆಳಗೆ ನನ್ನ ಕಡೆ ನೋಡಿದಳು. ನಾನು ತಲೆ ತಗ್ಗಿಸಲಿಲ್ಲ, ಐದನೇ ಮಹಡಿಯಿಂದ ಕೈಯೊಂದು ಬಂದು ಬುಟ್ಟಿಯನ್ನು ಒಳಗೆಳೆದುಕೊಳ್ಳುವವರೆಗೂ ಅಲ್ಲೇ ನಿಂತಿದ್ದೆ.